ಒಂದು ಟ್ಯಾಪಿಗೆ ಮೂರು ಸಲ ಅಂಗಡಿಗೆ

ಸಂಜೆ ಅಸರ್ ಕಳೆದ ಹೊತ್ತು. ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮುಂದೆ ಸೈಕಲ್ ನಿಲ್ಲಿಸಿದ ಹುಡುಗ ಹೇಳುತ್ತಾನೆ: "ಕಾಕ, ಉಮ್ಮ ಒಂದು ಟ್ಯಾಪ್ ತರಲಿಕ್ಕೆ ಹೇಳಿದ್ದಾರೆ." ಟ್ಯಾಪ್ ಕೊಟ್ಟು ದುಡ್ಡು ತೆಗೆದುಕೊಂಡದ್ದಾಯಿತು. ಅರ್ಧ ಗಂಟೆಯಲ್ಲಿ ಹುಡುಗ ಮತ್ತೆ ಹಾಜರು, ಟೆಫ್ಲಾನ್ ಟೇಪ್ ಬೇಕಂತೆ. ಮೂರನೇ ಸಲ ಬಂದದ್ದು ನಿಪ್ಪಲ್‌ಗೆ. ಗೋಡೆಗೆ ಟೈಲ್ಸ್ ಹಾಕಿದ ಮೇಲೆ ಪೈಪಿನ ಬಾಯಿ ಒಳಗೆ ಹೋಗಿಬಿಟ್ಟಿದೆ, ಹೊಸ ಟ್ಯಾಪ್ ಅಷ್ಟು ಆಳಕ್ಕೆ ತಲುಪುತ್ತಿಲ್ಲ. ಆ ಹೊತ್ತಿಗೆ ಈ ಅಂಗಡಿಯಲ್ಲಿ ಜನ ಜಾಸ್ತಿ ಇದ್ದರೆ ಹುಡುಗ ಎದುರಿನ ಅಂಗಡಿಗೆ ಹೋಗುತ್ತಾನೆ. ಮನೆಯಲ್ಲಿ ಗಂಡಸರು ಗಲ್ಫಿನಲ್ಲಿ, ಪ್ಲಂಬರ್ ಕಾದು ಕೂತಿದ್ದಾನೆ, ನೀರು ಬಂದ್.

ಇದರಲ್ಲಿ ಹುಡುಗನದ್ದಾಗಲಿ, ಉಮ್ಮನದ್ದಾಗಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅಂಗಡಿ ಜೋಡಿಸಿದ ಕ್ರಮದಲ್ಲಿ. ನಮ್ಮ ಕಡೆಯ ಹೆಚ್ಚಿನ ಸಣ್ಣ ಅಂಗಡಿಗಳಲ್ಲಿ ಬಾಗಿಲಿಗೆ ಅಡ್ಡವಾಗಿ ಒಂದು ಕೌಂಟರ್, ಅದರ ಹಿಂದೆ ಸಾಮಾನು. ಗಿರಾಕಿ ಕೇಳಿದ್ದು ಮಾತ್ರ ಹೊರಗೆ ಬರುತ್ತದೆ. ಹೆಸರು ಗೊತ್ತಿಲ್ಲದ ಸಾಮಾನನ್ನು ಕೇಳುವುದಾದರೂ ಹೇಗೆ? ಒಳಗೆ ಟೇಪ್, ನಿಪ್ಪಲ್ ಎಲ್ಲವೂ ಇದೆ. ಆದರೆ ಟ್ಯಾಪ್ ಒಂದು ಕಪಾಟಿನಲ್ಲಿ, ಟೇಪ್ ಗಲ್ಲದ ಡ್ರಾವರಿನಲ್ಲಿ, ನಿಪ್ಪಲ್ ಮೇಲಿನ ಅಟ್ಟದ ಡಬ್ಬದಲ್ಲಿ.

ಇದಕ್ಕೆ ಮದ್ದು, ಸಾಮಾನನ್ನು ಜಾತಿವಾರು ಇಡುವ ಬದಲು ಕೆಲಸವಾರು ಇಡುವುದು. 2 ಅಡಿ ಅಗಲ, 3 ಅಡಿ ಎತ್ತರದ ಒಂದು ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಅದರ ಮೇಲೆ ಪೈಪಿನ ತುಂಡು, ಎಲ್ಬೋ, ಎಕ್ಸ್‌ಟೆನ್ಶನ್ ನಿಪ್ಪಲ್, ಟೆಫ್ಲಾನ್ ಟೇಪ್ ಸುತ್ತಿದ ಟ್ಯಾಪ್ ಇವೆಲ್ಲವನ್ನೂ ಮನೆಯ ಗೋಡೆಯಲ್ಲಿ ಇರುವ ಹಾಗೆಯೇ ಕೂಡಿಸಿ ಬಿಗಿಯಿರಿ. ಒಂದೊಂದರ ಕೆಳಗೆ ಹೆಸರು ಮತ್ತು ಬೆಲೆ ಬರೆಯಿರಿ, ಮೇಲೆ ದೊಡ್ಡ ಅಕ್ಷರದಲ್ಲಿ "ಟ್ಯಾಪ್ ಬದಲಾಯಿಸಲು". ಹಲಗೆಯ ಕೆಳಗಿನ ಸಣ್ಣ ಡಬ್ಬಗಳಲ್ಲಿ ಅದೇ ಸಾಮಾನು ಇರಲಿ. ನಿಪ್ಪಲ್ ಅರ್ಧ ಇಂಚಿನಿಂದ 2 ಇಂಚು ಉದ್ದದವರೆಗೆ ಬೇರೆ ಬೇರೆ ಡಬ್ಬದಲ್ಲಿರಬೇಕು, ಬೆರಸಿ ಇಟ್ಟರೆ ಮತ್ತೆ ಹುಡುಕುವ ಕೆಲಸ. ಈ ಹಲಗೆ ನೋಡಿದ ಮೇಲೆ ಗಿರಾಕಿಯ ಬಾಯಿಯಿಂದಲೇ "ನಮ್ಮಲ್ಲೂ ಟೈಲ್ಸ್ ಇದೆ ಅಲ್ವಾ" ಅಂತ ಮಾತು ಬರುತ್ತದೆ. ವಾಶ್ ಬೇಸಿನ್‌ಗೂ ಇಂಥದ್ದೇ ಹಲಗೆ ಮಾಡಬಹುದು: ಆಂಗಲ್ ಕಾಕ್, ಕನೆಕ್ಷನ್ ಪೈಪ್, ವೇಸ್ಟ್ ಕಪ್ಲಿಂಗ್, ವೇಸ್ಟ್ ಪೈಪ್. ಗೋಡೆಗೆ ಕನ್ನಡಿ ಹಾಕುವವರಿಗೆ ಸ್ಕ್ರೂ, ಪ್ಲಗ್, ಅದೇ ಅಳತೆಯ ಡ್ರಿಲ್ ಬಿಟ್ ಒಟ್ಟಿಗೆ ಕಾಣಬೇಕು. ಸುರುವಿಗೆ ಮೂರು ಹಲಗೆ ಸಾಕು. ಹತ್ತು ಮಾಡಿದರೆ ಗೋಡೆ ತುಂಬುತ್ತದೆ, ಕಣ್ಣಿಗೆ ಒಂದೂ ಬೀಳುವುದಿಲ್ಲ.

ಹಲಗೆ ಇಡಲು ಜಾಗ ಎಲ್ಲಿ ಅಂತ ಕೇಳಬಹುದು. 10 ಅಡಿ ಅಗಲ, 20 ಅಡಿ ಉದ್ದದ ಅಂಗಡಿ ಅಂತ ಇಟ್ಟುಕೊಳ್ಳೋಣ. ಅಡ್ಡ ಕೌಂಟರನ್ನು ತಿರುಗಿಸಿ ಉದ್ದಕ್ಕೆ ಹಾಕಿ. ಆಗ ಎಡಗೋಡೆಗೆ 1 ಅಡಿ ಆಳದ ರ‍್ಯಾಕ್, ಗಿರಾಕಿ ನಡೆಯಲು 3 ಅಡಿ ದಾರಿ, 2 ಅಡಿಯ ಕೌಂಟರ್, ಹಿಂದೆ ನೀವು ಓಡಾಡಲು ಎರಡೂವರೆ ಅಡಿ, ಬಲಗೋಡೆಗೆ ಒಂದೂವರೆ ಅಡಿಯ ರ‍್ಯಾಕ್. ಲೆಕ್ಕ 10 ಅಡಿಗೆ ಸರಿಯಾಯಿತು. ದಾರಿಯನ್ನು 3 ಅಡಿಗಿಂತ ಕಡಿಮೆ ಮಾಡಬೇಡಿ. ಒಬ್ಬರು ನಿಂತು ನೋಡುವಾಗ ಇನ್ನೊಬ್ಬರು ಮೈ ತಾಗಿಸದೆ ದಾಟುವಷ್ಟು ಜಾಗ ಬೇಕು, ಇಲ್ಲವಾದರೆ ಹೆಂಗಸರು ಒಳಗೆ ಕಾಲಿಡುವುದೇ ಇಲ್ಲ. ಮನೆಯ ರಿಪೇರಿ ನೋಡಿಕೊಳ್ಳುವವರು ಅವರೇ ಅನ್ನುವುದನ್ನು ನಮ್ಮ ಅಂಗಡಿಯವರು ಯಾಕೋ ಮರೆತಿದ್ದಾರೆ. ಬೆಲೆ ಬರೆದಿಡುವುದೂ ಮುಖ್ಯವಾಗಿ ಅವರಿಗಾಗಿ. ಹತ್ತು ಗಂಡಸರ ಎದುರು "ಇದಕ್ಕೆ ಎಷ್ಟು, ಅದಕ್ಕೆ ಎಷ್ಟು" ಅಂತ ಕೇಳಲು ಮುಜುಗರ ಆಗುವವರು ಒಂದು ಸಾಮಾನು ತೆಗೆದುಕೊಂಡು ಹೊರಟುಬಿಡುತ್ತಾರೆ.

ಮನೆಯವರು ಜಾಸ್ತಿ ಕೇಳಿಕೊಂಡು ಬರುವ ಟ್ಯಾಪ್, ಬಲ್ಬ್ ಎಡಗೋಡೆಯ ಒಳತುದಿಗೆ ಹೋಗಲಿ. ಅಲ್ಲಿಗೆ ನಡೆಯುವಾಗ ಉಳಿದದ್ದು ಕಾಣುತ್ತದೆ. ಬಾಗಿಲ ಬಳಿಯ 3 ಅಡಿ ಗೋಡೆ ಕಾಲಕ್ಕೆ ತಕ್ಕ ಸಾಮಾನಿಗೆ: ಮೇ ತಿಂಗಳಲ್ಲಿ ಟಾರ್ಪಾಲ್, ನೈಲಾನ್ ಹಗ್ಗ, ಸೋರುವಲ್ಲಿಗೆ ಹಚ್ಚುವ ಪೇಸ್ಟ್. ಮಳೆ ಹಿಡಿದ ಮೇಲೆ ಇಟ್ಟರೆ ತಡವಾಯಿತು. ನಿಂತವರ ಕಣ್ಣಿನ ಮಟ್ಟ ಅಂದರೆ ಸುಮಾರು 4ರಿಂದ 5 ಅಡಿ ಎತ್ತರ, ಹಲಗೆಗಳು ಅಲ್ಲೇ ಬರಬೇಕು. ಭಾರದ್ದು ಕೆಳಗೆ. ನೇತು ಹಾಕಲು ಹೊಸ ಸ್ಟ್ಯಾಂಡ್ ಕೊಳ್ಳಬೇಕಿಲ್ಲ, ನೀವೇ ಮಾರುವ ವೆಲ್ಡ್ ಮೆಶ್ ಒಂದು ತುಂಡು, ತಂತಿ ಬಗ್ಗಿಸಿ ಮಾಡಿದ ಕೊಕ್ಕೆ ಸಾಕು.

ಪ್ಲಂಬರ್, ಮೇಸ್ತ್ರಿಗಳನ್ನು ಮಾತ್ರ ಈ ದಾರಿಯಲ್ಲಿ ಸುತ್ತಿಸಬೇಡಿ. ಅವರಿಗೆ ಬೇಕಾದದ್ದು ಬಾಯಿಪಾಠ, ಸಮಯ ಇಲ್ಲ. ಕೌಂಟರಿನ ಬಾಗಿಲ ಕಡೆಯ ತುದಿಯಲ್ಲಿ ಅವರಿಗೆ ಸಾಮಾನು ಕೊಟ್ಟು ಕಳಿಸಿ. ಗಲ್ಲವೂ ಅಲ್ಲೇ ಇದ್ದರೆ ಇಡೀ ದಾರಿ ಕಣ್ಣಿಗೆ ಕಾಣುತ್ತದೆ.

ಎಲ್ಲವನ್ನೂ ಹೊರಗಿಡುವುದೂ ತಪ್ಪು. ಹಿತ್ತಾಳೆ ಟ್ಯಾಪ್, ಡ್ರಿಲ್ ಬಿಟ್‌ನಂಥ ಸಣ್ಣ, ದುಬಾರಿ ಸಾಮಾನಿನ ಒಂದು ಸ್ಯಾಂಪಲ್ ಮಾತ್ರ ಹಲಗೆಗೆ ಬಿಗಿದು, ಮಾಲನ್ನು ಕೌಂಟರಿನ ಹಿಂದೆ ಇಡಿ. ಕರಾವಳಿಯ ಉಪ್ಪುಗಾಳಿಗೆ ಬಿಡಿ ಮೊಳೆ, ಸ್ಕ್ರೂ ಬೇಗ ತುಕ್ಕು ಹಿಡಿಯುತ್ತವೆ. ತೆರೆದ ಡಬ್ಬದಲ್ಲಿ ಎರಡು ಹಿಡಿ ಮಾತ್ರ ಇರಲಿ, ಉಳಿದದ್ದು ಮುಚ್ಚಳದ ಡಬ್ಬದಲ್ಲಿ. ತಿನ್ನರ್, ಟರ್ಪಂಟೈನ್ ಪೈಂಟಿನ ಪಕ್ಕ ಇಡಬೇಕು ಅನಿಸುತ್ತದೆ. ಆದರೆ ಬೆಂಕಿ ಹಿಡಿಯುವ ಸಾಮಾನು ಬಿಸಿಲು, ಸ್ವಿಚ್ ಬೋರ್ಡಿನಿಂದ ದೂರವೇ ಇರಬೇಕು. ಪೈಂಟಿನ ಬಳಿ ಅದರ ಹೆಸರಿನ ಚೀಟಿ ಅಂಟಿಸಿದರೆ ಸಾಕು. ಆಸಿಡ್ ಬಾಟಲಿ ಮಕ್ಕಳ ಕೈಗೆ ಎಟಕದ ಕಡೆ.

ಇಷ್ಟು ಮಾಡಿ ಏನು ಸಿಕ್ಕಿತು ಅಂತ ಅಂದಾಜಿನಲ್ಲಿ ಹೇಳಬೇಡಿ. ಬದಲಾಯಿಸುವ ಮೊದಲು ಎರಡು ವಾರ ಬಿಲ್ ಎಣಿಸಿ. ಪ್ಲಂಬರ್, ಮೇಸ್ತ್ರಿಗಳ ಬಿಲ್ ಬೇರೆ, ಮನೆಯವರದ್ದು ಬೇರೆ. ಒಂದು ಸಿಮೆಂಟ್ ಲೋಡಿನ ಬಿಲ್ ಬೆರೆತರೆ ಲೆಕ್ಕವೇ ಹಾಳು. ಉದಾಹರಣೆಗೆ, ಮನೆಯವರ 40 ಬಿಲ್ಲಿಗೆ ದಿನಕ್ಕೆ 7,200 ರೂಪಾಯಿ ಆದರೆ ಬಿಲ್ಲಿಗೆ 180. ಅವರಲ್ಲಿ 10 ಮಂದಿ 80 ರೂಪಾಯಿಯಷ್ಟು ಜಾಸ್ತಿ ಕೊಂಡರೆ ವ್ಯಾಪಾರ 8,000, ಬಿಲ್ಲಿಗೆ 200. ತಿಂಗಳಿಗೆ 26 ದಿನ ಅಂದರೆ 20,800 ರೂಪಾಯಿ ಹೆಚ್ಚುವರಿ. ನೂರಕ್ಕೆ 25 ಲಾಭ ಹಿಡಿದರೆ 5,200. ಸಿಮೆಂಟಿನಲ್ಲಿ ಇಷ್ಟು ಲಾಭ ಎಲ್ಲಿದೆ?

ಆಮೇಲೆ ಒಂದು ಹಲಗೆ ಹಾಕಿ ಮತ್ತೆ ಎರಡು ವಾರ ಎಣಿಸಿ. ತಿಂಗಳ ಸುರುವಿನ ವಾರವನ್ನು ತಿಂಗಳ ಕೊನೆಯ ವಾರಕ್ಕೆ ಹೋಲಿಸಬೇಡಿ, ಮೊದಲ ವಾರ ಕೈಯಲ್ಲಿ ಕಾಸಿರುತ್ತದೆ. ಬಿಲ್ಲಿನ ಮೊತ್ತ ಏರಿ ಬಿಲ್ಲಿನ ಸಂಖ್ಯೆ ಇಳಿದರೆ, ಸಣ್ಣ ಗಿರಾಕಿ ಬೇರೆ ಕಡೆ ಹೋಗುತ್ತಿದ್ದಾನೆ ಅಂತ ಅರ್ಥ. ಏರಿದ್ದೆಲ್ಲ ಸಾಲದ ಪುಸ್ತಕದಲ್ಲೇ ಇದ್ದರೆ ಅದು ವ್ಯಾಪಾರ ಏರಿದ್ದಲ್ಲ. ಇನ್ನೊಂದು ಪುಸ್ತಕವೂ ಬೇಕು, ವಾಪಸ್ ಬಂದ ಸಾಮಾನಿನದ್ದು. ನಿಪ್ಪಲ್ ಜಾಸ್ತಿ ವಾಪಸ್ ಬರುತ್ತಿದ್ದರೆ ಕೆಲಸದ ಹುಡುಗ ಕೇಳದೆ ತುರುಕುತ್ತಿದ್ದಾನೆ. ಅವನಿಗೆ ಹೇಳಿಕೊಡಬೇಕಾದದ್ದು ಎರಡೇ ಪ್ರಶ್ನೆ: "ಗೋಡೆಗೆ ಟೈಲ್ಸ್ ಉಂಟಾ? ಹಳೇ ಟ್ಯಾಪಿನ ಫೋಟೋ ಉಂಟಾ ಮೋನೇ?"