ತಡವಾದ ಉತ್ತರಕ್ಕೆ ಎಷ್ಟು ಕ್ಷಮೆ, ಎಷ್ಟು ಕಾರಣ?

ಇಮೇಲ್‌ಗೆ ಉತ್ತರಿಸುವುದು ಒಂದು ವಾರ ತಡವಾದರೆ "ತಡವಾಯಿತು, ಕ್ಷಮಿಸಿ" ಎಂದು ಬರೆದು ವಿಷಯಕ್ಕೆ ಬರುತ್ತೇವೆ. ಎರಡು ತಿಂಗಳಾದ ಮೇಲೆ ಅದೇ ಮಾತು ಉಡಾಫೆಯಂತೆ ಕಾಣುತ್ತದೆ. ಹಾಗೆಂದು ಕಾರಣಗಳನ್ನು ಪೇರಿಸಿದರೆ ಕಟ್ಟುಕತೆಯಂತೆ ಕೇಳಿಸುತ್ತದೆ. ಏನು ಬರೆಯಬೇಕೆಂದು ತೋಚದೆ ಇನ್ನೊಂದು ವಾರ ಕಳೆಯುತ್ತದೆ.

ಕ್ಷಮೆಯಾಚನೆಯಲ್ಲಿ ಯಾವ ಮಾತು ಎಷ್ಟು ತೂಗುತ್ತದೆ ಎಂಬುದನ್ನು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದು ನೋಡಿದರು. ಅವರು ಕ್ಷಮೆಯಾಚನೆಯನ್ನು ಆರು ಭಾಗಗಳಾಗಿ ಬಿಡಿಸಿದರು: ವಿಷಾದ, ಕಾರಣದ ವಿವರಣೆ, ಹೊಣೆ ಹೊರುವುದು, ಮತ್ತೆ ಹೀಗೆ ಮಾಡುವುದಿಲ್ಲವೆಂಬ ಮಾತು, ಆದ ನಷ್ಟವನ್ನು ಸರಿಪಡಿಸುವ ಭರವಸೆ, ಕ್ಷಮಿಸಿ ಎಂಬ ಕೋರಿಕೆ. ಲೆಕ್ಕಪತ್ರದಲ್ಲಿ ಹಿಂದೆ ತಪ್ಪು ಮಾಡಿದ್ದ ಉದ್ಯೋಗಾರ್ಥಿಯೊಬ್ಬನ ಕಲ್ಪಿತ ಸನ್ನಿವೇಶ ಕೊಟ್ಟು, ಅವನ ಕ್ಷಮೆಯಾಚನೆ ಎಷ್ಟು ಪರಿಣಾಮಕಾರಿ ಎಂದು 755 ಮಂದಿಯನ್ನು ಕೇಳಿದರು. ಎಲ್ಲಕ್ಕಿಂತ ಹೆಚ್ಚು ತೂಗಿದ್ದು ಹೊಣೆ ಹೊರುವ ಮಾತು, ಅದರ ನಂತರ ಸರಿಪಡಿಸುವ ಭರವಸೆ. ಕಾರಣದ ವಿವರಣೆ ನಡುವೆಲ್ಲೋ ಉಳಿಯಿತು. ಕ್ಷಮಿಸಿ ಎಂಬ ಕೋರಿಕೆಗೆ ಕೊನೆಯ ಸ್ಥಾನ.

ತಡವಾಗಿ ಉತ್ತರಿಸುವವರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಿರುಗುಮುರುಗು. ಕಾರಣಕ್ಕೆ ನಾಲ್ಕು ಸಾಲು, ಕ್ಷಮೆ ಕೋರಲು ಎರಡು ಸಾಲು. "ತಪ್ಪು ನನ್ನದು" ಎಂಬುದಕ್ಕೆ ಜಾಗವೇ ಇಲ್ಲ.

ಕಾರಣ ಕಟ್ಟುಕತೆಯಂತೆ ಕೇಳಿಸುವುದೇಕೆ? ಎದುರಿನವರ ಸುಳ್ಳನ್ನು ಹಿಡಿಯುವುದರಲ್ಲಿ ನಾವು ಜಾಣರೇನಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ತೀರ್ಪು ನೂರಕ್ಕೆ ಸುಮಾರು 54 ಸಲ ಮಾತ್ರ ಸರಿಯಾಗಿತ್ತು. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಜವಾದ ಕಾರಣವೂ ಸುಳ್ಳಿನಂತೆ ಕೇಳಿಸಬಹುದು. ಗಾಲಿತ್ ನಹಾರಿ, ಆಲ್ಡರ್ಟ್ ವ್ರೈ ಮೊದಲಾದವರ ಸಂಶೋಧನೆ ಇಲ್ಲಿ ಒಂದು ಸುಳಿವು ಕೊಡುತ್ತದೆ: ಸುಳ್ಳು ಹೇಳುವವರು ವಿವರ ಕೊಡುತ್ತಾರೆ, ಆದರೆ ಪರಿಶೀಲಿಸಬಹುದಾದ ವಿವರವನ್ನು ಆದಷ್ಟು ತಪ್ಪಿಸುತ್ತಾರೆ. "ಕೆಲಸದ ಒತ್ತಡ, ನೆಟ್‌ವರ್ಕ್ ಸಮಸ್ಯೆ, ಆರೋಗ್ಯವೂ ಅಷ್ಟಕ್ಕಷ್ಟೆ" ಎಂಬ ಸಾಲು ನಿಜವಿದ್ದರೂ ಅದರಲ್ಲಿ ತಾಳೆ ನೋಡಲು ಏನೂ ಸಿಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಇತಿಹಾಸದ ಐದು ಅಧ್ಯಾಯಗಳನ್ನು ಹಳೆಯ ಶಿಷ್ಯೆಗೆ ಕಳಿಸಿ ಅಭಿಪ್ರಾಯ ಕೇಳಿದ್ದಾರೆ. ಅವಳೀಗ ಕಾಲೇಜಿನಲ್ಲಿ ಉಪನ್ಯಾಸಕಿ. ಎರಡು ತಿಂಗಳು ಕಳೆದಿದೆ. ಅವಳು ಹೀಗೆ ಬರೆಯಬಹುದು:

"ಸರ್, ನಿಮ್ಮ ಮೇಲ್ ಮಾರ್ಚ್ 3ರಂದೇ ತಲುಪಿತ್ತು. ಇಷ್ಟು ದಿನ ನಿಮ್ಮನ್ನು ಕಾಯಿಸಿದ್ದು ನನ್ನ ತಪ್ಪು. ಪೂರ್ತಿ ಓದಿದ ಮೇಲೆ ಬರೆಯೋಣವೆಂದು ಮುಂದೂಡುತ್ತಾ ಹೋದೆ. ಸಮಯ ಬೇಕೆಂದಾದರೂ ಆಗಲೇ ತಿಳಿಸಬೇಕಿತ್ತು. ಮೊದಲ ಎರಡು ಅಧ್ಯಾಯಗಳ ಟಿಪ್ಪಣಿ ಇದರ ಜೊತೆಗಿದೆ. ಉಳಿದ ಮೂರನ್ನು ಮೇ 20ರೊಳಗೆ ಕಳಿಸುತ್ತೇನೆ. ಪುಸ್ತಕ ಈಗಾಗಲೇ ಅಚ್ಚಿಗೆ ಹೋಗಿದ್ದರೆ ದಯವಿಟ್ಟು ತಿಳಿಸಿ."

ಇಲ್ಲಿ ಕಾರಣ ಒಂದೇ, ಅದೂ ಬರೆದವಳಿಗೆ ಮೆಚ್ಚುಗೆ ತರುವಂಥದ್ದಲ್ಲ. ಜೊತೆಗಿರುವ ಟಿಪ್ಪಣಿಯೇ ಅವಳು ಓದುತ್ತಿದ್ದಳೆಂಬುದಕ್ಕೆ ಸಾಕ್ಷಿ. ಮೇಲ್ ನೋಡಿರಲೇ ಇಲ್ಲ ಎಂಬ ನೆಪವನ್ನು ಮೊದಲ ವಾಕ್ಯದಲ್ಲೇ ಕೈಬಿಟ್ಟಿದ್ದಾಳೆ. ಕೊನೆಯ ವಾಕ್ಯ ತನ್ನ ವಿಳಂಬದಿಂದ ಅವರಿಗೆ ಏನಾಗಿದೆ ಎಂದು ವಿಚಾರಿಸುತ್ತದೆ. ನಿಜಕ್ಕೂ ಕಾಯಿಲೆಯೇ ಕಾರಣವಾಗಿದ್ದರೆ "ಏಪ್ರಿಲ್‌ನಲ್ಲಿ ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದೆ" ಎಂದರೆ ಸಾಕು. ಮಾರ್ಚ್‌ನ ಮೌನಕ್ಕೂ ಡೆಂಗಿಯನ್ನೇ ಹೊಣೆ ಮಾಡಿದರೆ ಲೆಕ್ಕ ತಪ್ಪುತ್ತದೆ, ಓದುವವರಿಗೆ ಅದು ಗೊತ್ತಾಗುತ್ತದೆ. ಹೇಳಿಕೊಳ್ಳಲಾಗದ ಕಾರಣವಿದ್ದರೆ ಬದಲಿಗೆ ಇನ್ನೊಂದನ್ನು ಸೃಷ್ಟಿಸಬೇಕಿಲ್ಲ. ಹೊಣೆಯ ಮಾತೊಂದೇ ಸಾಲುತ್ತದೆ.

ಕ್ಷಮೆಯ ಉದ್ದವೂ ಅಳತೆ ಮೀರಬಾರದು. ಲಾರಾ ಜ್ಯುರ್ಜೆ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ತೋರಿಸಿದಂತೆ, ತುರ್ತಿಲ್ಲದ ಕಚೇರಿ ಇಮೇಲ್‌ಗಳಿಗೆ ಕಳಿಸಿದವರು ಉತ್ತರವನ್ನು ಎಷ್ಟು ಬೇಗ ಬಯಸುತ್ತಾರೆ ಎಂಬುದನ್ನು ಪಡೆದವರು ಉತ್ಪ್ರೇಕ್ಷಿಸಿ ಊಹಿಸುತ್ತಾರೆ. ಆದ್ದರಿಂದ ನಷ್ಟವೇನೂ ಆಗಿರದ ಕಡೆ ಒಂದು ಸಾಲಿನ ಕ್ಷಮೆ ಸಾಕು. ಅದು ಹತ್ತು ಸಾಲಾದರೆ, ಕಾದವರೇ ಕಾಯಿಸಿದವರನ್ನು ಸಮಾಧಾನಪಡಿಸಬೇಕಾದೀತು.

ಇವೆಲ್ಲ ಬಹುಮಟ್ಟಿಗೆ ವೃತ್ತಿ ಸಂಬಂಧಗಳಿಗೆ ಒಪ್ಪುವ ಮಾತು. ಲೆವಿಕಿ ತಂಡದ ಪ್ರಯೋಗದಲ್ಲಿ ಜನ ಕಲ್ಪಿತ ಸನ್ನಿವೇಶವನ್ನು ಓದಿ ಅಂಕ ಕೊಟ್ಟವರು, ಸ್ವತಃ ನೊಂದವರಲ್ಲ. ಸ್ನೇಹಿತರ ನಡುವೆ, ಮನೆಯೊಳಗೆ ತೂಕ ಬೇರೆಯಾಗಬಹುದು. ಅಲ್ಲಿ ಒಂದು ಫೋನ್ ಕರೆ ಪತ್ರಕ್ಕಿಂತ ಮೇಲು. ಎಲ್ಲೇ ಆಗಲಿ, ಮೇ 20 ಎಂದು ಬರೆಯುವ ಮುನ್ನ ಅದು ಸಾಧ್ಯವೇ ಎಂದು ನೋಡಿಕೊಳ್ಳಬೇಕು. ಆ ದಿನವೂ ತಪ್ಪಿದರೆ ಎರಡನೆಯ ಕ್ಷಮೆಯಾಚನೆಗೆ ಯಾವ ಮಾತೂ ಉಳಿದಿರುವುದಿಲ್ಲ.