ಗೆರೆ ಬಿಟ್ಟು ಅಂಕಿ ನೋಡಿ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಫೋನು ವೈಫೈಗೆ ಎರಡು ಗೆರೆ ತೋರಿಸುತ್ತಿತ್ತು, ವಿಡಿಯೋ ಕರೆ ಮಾತ್ರ ಪದೇ ಪದೇ ನಿಲ್ಲುತ್ತಿತ್ತು. ಯಾವ ಬಲಕ್ಕೆ ಎಷ್ಟು ಗೆರೆ ಎಂಬುದನ್ನು ಫೋನು ತಯಾರಕರೇ ನಿರ್ಧರಿಸುತ್ತಾರೆ. ಹಾಗಾಗಿ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡೆ.

ಅದು dBm ಎಂಬ ಅಳತೆಯಲ್ಲಿ ಋಣ ಸಂಖ್ಯೆ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾದದ್ದು. ಹಾಲ್‌ನಲ್ಲಿ ರೂಟರ್ ಪಕ್ಕ -42 ಇತ್ತು, ಹಿಂದಿನ ಕೋಣೆಯಲ್ಲಿ -72. ವ್ಯತ್ಯಾಸ ಬರೀ 30 ಎನಿಸಬಹುದು. ಆದರೆ ಪ್ರತಿ 10 ಇಳಿದಾಗಲೂ ತಲುಪುವ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. ಅಂದರೆ ಹಿಂದಿನ ಕೋಣೆಗೆ ಸಿಗುತ್ತಿದ್ದದ್ದು ಸಾವಿರದಲ್ಲಿ ಒಂದು ಪಾಲು! ಸುಮಾರು -67ರವರೆಗೆ ವಿಡಿಯೋ ಕರೆ ಸಾಮಾನ್ಯವಾಗಿ ನಿರಾಳ. -80 ದಾಟಿದರೆ ಸಂಪರ್ಕವೇ ಅನುಮಾನ.

ಅಳೆಯುವಾಗ ಅವಸರ ಬೇಡ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಸ್ಕ್ಯಾನ್ ಮಾಡಬಲ್ಲದು, ಹಾಗಾಗಿ ನಡೆಯುತ್ತಾ ನೋಡಿದರೆ ಹಿಂದಿನ ಕೋಣೆಯ ಅಂಕಿಯೇ ಕಣ್ಣಿಗೆ ಬೀಳುತ್ತದೆ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು, ಎರಡೂ ಕಡೆ ತಿರುಗಿ ನೋಡಿ. ನಮ್ಮ ದೇಹವೂ ಸಿಗ್ನಲ್ ತಡೆಯುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್‌ಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ, ಎರಡನೆಯದು ಗೋಡೆಯಲ್ಲಿ ಬೇಗ ಸೊರಗುತ್ತದೆ.

ಟಿವಿ ಹಿಂದಿದ್ದ ರೂಟರನ್ನು ಊಟದ ಕೋಣೆಯ ಕಪಾಟಿನ ಮೇಲಿಟ್ಟೆ. ಹಿಂದಿನ ಕೋಣೆಯ ಅಂಕಿ -61ಕ್ಕೆ ಬಂತು, ಕರೆ ನಿಲ್ಲುವುದು ತಪ್ಪಿತು. ಅಂಕಿ ಚೆನ್ನಾಗಿದ್ದೂ ನಿಮ್ಮಲ್ಲಿ ವೇಗವಿಲ್ಲದಿದ್ದರೆ, ದೋಷ ಅಕ್ಕಪಕ್ಕದ ವೈಫೈಗಳ ದಟ್ಟಣೆಯಲ್ಲೋ ಮನೆಗೆ ಬರುವ ಇಂಟರ್‌ನೆಟ್ ಲೈನಿನಲ್ಲೋ ಇರುತ್ತದೆ. ಆಗ ರೂಟರ್ ಸರಿಸಿ ಫಲವಿಲ್ಲ.