ಬುರುಗು ಬಾರದ ನೀರು, ಬಿರುಸಾದ ಅರಿವಿ

ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಲ್ಲಿ ಅರಿವಿ ಒಗೆಯುವ ಕಲ್ಲಿನ ಹತ್ತಿರ ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಬೋರಿನ ನೀರಾಗ ಎಷ್ಟು ತಿಕ್ಕಿದ್ರೂ ಬುರುಗು ಬರಂಗಿಲ್ಲ ನೋಡ್ರಿ." ಸಬಕಾರ ಸವೆಯುತ್ತದೆ, ನೊರೆ ಏಳುವುದಿಲ್ಲ. ಒಣಗಿದ ಬಿಳಿ ಧೋತರ ನಾಲ್ಕಾರು ಒಗೆತಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ, ಟವೆಲ್ ರಟ್ಟಿನಂತೆ ನಿಲ್ಲುತ್ತದೆ. ಒಗೆಯುವವರ ಕೈಯಲ್ಲಿ ಏನೂ ತಪ್ಪಿಲ್ಲ. ತಪ್ಪಿರುವುದು ನೀರಿನಲ್ಲಿ. ಅದನ್ನು ಮನೆಯಲ್ಲೇ ಬಹುಮಟ್ಟಿಗೆ ಸರಿಪಡಿಸಬಹುದು.

ನೀರು ಗಡಸಾಗುವುದು ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ಇವು ಎಲ್ಲಿಂದ ಬರುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಯ ನೆಲವೇ ಉತ್ತರ. ಬಾಗಲಕೋಟೆ, ಕಲಾದಗಿ, ಲೋಕಾಪುರದ ಸುತ್ತ ಸುಣ್ಣಗಲ್ಲು, ಡಾಲೊಮೈಟ್ ಪದರಗಳಿವೆ. ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿನ ಕಾರಣದಿಂದಲೇ. ಮಣ್ಣಿನಲ್ಲಿ ಇಳಿಯುವ ಮಳೆನೀರು ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ, ಆ ಕಲ್ಲನ್ನು ನಿಧಾನವಾಗಿ ಕರಗಿಸುತ್ತ ಹೋಗುತ್ತದೆ. ಇಳಕಲ್ ಕಡೆ ಕೆಂಪು ಗ್ರಾನೈಟ್ ಇದ್ದರೂ ಮಳೆ ಕಡಿಮೆ, ಬಿಸಿಲು ಹೆಚ್ಚು. ಎರೆಮಣ್ಣಿನಲ್ಲಿ ಸುಣ್ಣದ ಹರಳೂ ಉಂಟು. ಆಳದ ಕೊಳವೆಬಾವಿಯ ನೀರು ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತು ಲವಣ ಕೂಡಿಸಿಕೊಂಡಿರುತ್ತದೆ. ಬಾದಾಮಿಯ ಬೆಟ್ಟದ ಮರಳುಗಲ್ಲು ಹಾಗಲ್ಲ. ಅದು ಹೆಚ್ಚಾಗಿ ಕ್ವಾರ್ಟ್ಸ್, ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಂಥ ಬಂಡೆಯ ಮೇಲಿಂದ ಹರಿದು ಹೊಂಡ ಸೇರಿದ ಮಳೆನೀರು ಮೆದುವಾಗಿಯೇ ಉಳಿಯುತ್ತದೆ. ಅಗಸ್ತ್ಯ ತೀರ್ಥದ ಮೆಟ್ಟಿಲುಗಳ ಮೇಲೆ ಹೆಂಗಸರು ಅರಿವಿ ಒಗೆಯುವ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ಈ ಕಲ್ಲಿನ ಗುಣವೂ ನೆನಪಾಗುತ್ತದೆ.

ಸಬಕಾರವೆಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಅದು ನೀರಿನಲ್ಲಿ ಕರಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿಯುತ್ತದೆ. ಹುಟ್ಟುವ ಕ್ಯಾಲ್ಸಿಯಂ ಸಬಕಾರ ಕರಗದ, ಅಂಟುವ ಮೇಣದಂಥ ವಸ್ತು. ಬಕೀಟಿನ ಅಂಚಿಗೆ ಹತ್ತುವ ಬೂದು ಕೆನೆ ಇದೇ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಹೀಗೆ ತೀರಿದ ಮೇಲೆಯೇ ನೊರೆ ಏಳಲು ಶುರುವಾಗುತ್ತದೆ.

ಒಂದು ಲೆಕ್ಕ ಮಾಡೋಣ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ನಿಮ್ಮ ಬೋರಿನ ನೀರು 500 ಎಂದುಕೊಳ್ಳಿ. 20 ಲೀಟರ್ ಬಕೀಟಿನಲ್ಲಿ ಈ ಗಡಸುತನ ಸುಮಾರು 60 ಗ್ರಾಂ ಶುದ್ಧ ಸಬಕಾರವನ್ನು ನುಂಗುತ್ತದೆ. ಅಷ್ಟು ಸಬಕಾರ ಒಂದು ಚೂರು ಕೊಳೆಯನ್ನೂ ತೆಗೆಯದೆ ಕೆನೆಯಾಗಿ ಹೋಗುತ್ತದೆ. ಅದೇ ನೀರನ್ನು ಮೆದು ಮಾಡಲು ವಾಷಿಂಗ್ ಸೋಡಾ ಬೇಕಾಗುವುದು 11 ಗ್ರಾಂನಷ್ಟು ಮಾತ್ರ.

ನಮ್ಮ ಕಡೆ ಮಡಿವಾಳರು ಹಿಂದೆ ಸವಳು ಮಣ್ಣು ಹಾಕಿ ಅರಿವಿ ಒಗೆಯುತ್ತಿದ್ದರು. ಆ ಮಣ್ಣಿನಲ್ಲಿ ಇರುತ್ತಿದ್ದುದು ಇದೇ ಸೋಡಾ. ಅದು ನೀರಿನ ಕ್ಯಾಲ್ಸಿಯಂ ಹಿಡಿದು ಸುಣ್ಣದ ಪುಡಿಯಾಗಿ ಕೆಳಗೆ ಇಳಿಸುತ್ತದೆ. ಅಡುಗೆ ಸೋಡಾ ತಣ್ಣೀರಿನಲ್ಲಿ ಈ ಕೆಲಸ ಮಾಡದು. ಪಟಿಕ ಕದಡನ್ನು ತಿಳಿ ಮಾಡುತ್ತದೆ, ಗಡಸುತನವನ್ನು ಇಳಿಸುವುದಿಲ್ಲ.

ಆದರೆ ಸೋಡಾ ಹಾಕುವ ಕ್ರಮದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಅರಿವಿ ನೆನೆಸಿದ ಬಕೀಟಿಗೇ ಸೋಡಾ ಸುರಿದರೆ ಆ ಸುಣ್ಣದ ಪುಡಿ ಹುಟ್ಟುವುದೇ ನೂಲಿನ ಸಂದಿನಲ್ಲಿ. ಬಟ್ಟೆ ಇನ್ನಷ್ಟು ಬಿರುಸಾಗುತ್ತದೆ. ನೀರನ್ನು ಮೊದಲೇ ಬೇರೆ ಬಕೀಟಿನಲ್ಲಿ ಹದ ಮಾಡಿಕೊಳ್ಳಬೇಕು. 15 ಗ್ರಾಂ ಪುಡಿ ಸೋಡಾ, ಅಂದರೆ ಒಂದು ದೊಡ್ಡ ಚಮಚದಷ್ಟು, ತುಸು ಬಿಸಿನೀರಿನಲ್ಲಿ ಕರಗಿಸಿ 20 ಲೀಟರಿಗೆ ಹಾಕಿ ಚೆನ್ನಾಗಿ ಕಲಕಿ. ಹರಳು ಸೋಡಾ ಆದರೆ ತೂಕದಲ್ಲಿ ಅದರ ಮೂರು ಪಟ್ಟು ಬೇಕು, ಏಕೆಂದರೆ ಹರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ನೀರು ಮಬ್ಬಾಗುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಬಿಳಿ ಪುಡಿ ತಳ ಹಿಡಿದಿರುತ್ತದೆ. ಅಲುಗಿಸದೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ, ತಳದ ಎರಡು ಬೆರಳಿನಷ್ಟು ನೀರನ್ನು ಚೆಲ್ಲಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ.

ಸಾಕಾಯಿತೇ ಎಂದು ತಿಳಿಯಲು ಎರಡು ಬಾಟಲಿ ಸಾಕು. ಒಂದರಲ್ಲಿ ಹದ ಮಾಡಿದ ನೀರು, ಇನ್ನೊಂದರಲ್ಲಿ ಮಳೆನೀರು. ಎರಡಕ್ಕೂ ಸಮ ಚೂರು ಸಬಕಾರ ಹಾಕಿ ಅಲುಗಿಸಿ. ನೊರೆ ಸರಿಸಮ ಎದ್ದು ನಿಂತರೆ ನೀರು ಸಿದ್ಧ. ನೊರೆ ಕುಸಿದು ಕೆನೆ ತೇಲಿದರೆ ಇನ್ನೊಂದು ಚಿಕ್ಕ ಚಮಚ ಸೋಡಾ ಬೇಕು. ಡಾಲೊಮೈಟ್ ನೆಲದ ನೀರಿನಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರೆ ಸೋಡಾ ಅದನ್ನು ಪೂರ್ತಿ ಇಳಿಸಲಾರದು. ಅಲ್ಲಿ ಸಬಕಾರಕ್ಕಿಂತ ಡಿಟರ್ಜೆಂಟ್ ವಾಸಿ, ಗಡಸು ನೀರಿಗೆ ಅದು ಸಬಕಾರದಷ್ಟು ಕೆಡುವುದಿಲ್ಲ.

ಇನ್ನು ಜಾಲಿಸುವ ಮಾತು. ಹೊಲಸು ತೆಗೆಯಲು ಒಳ್ಳೆಯ ನೀರು ಬಳಸಿ, ಜಾಲಿಸಲು ನೇರ ಬೋರಿನ ನಲ್ಲಿಗೆ ಹಿಡಿಯುವವರೇ ಹೆಚ್ಚು. ಬಟ್ಟೆಯಲ್ಲಿ ಉಳಿದ ಸಬಕಾರ ಆಗ ಗಡಸು ನೀರನ್ನು ಕೂಡಿ ನೂಲಿನ ಒಳಗೇ ಕೆನೆಗಟ್ಟುತ್ತದೆ. ಅದರ ಮೇಲೆ ಧೂಳು ಕೂಡುತ್ತದೆ, ಬಿಳಿ ಬೂದಾಗುತ್ತದೆ. ಹದ ಮಾಡಿದ ನೀರು ಒಂದೇ ಬಕೀಟು ಇದ್ದರೆ ಅರ್ಧವನ್ನು ಒಗೆಯಲು, ಅರ್ಧವನ್ನು ಮೊದಲ ಜಾಲಿಗೆ ಇಡಿ. ಎರಡನೇ ಜಾಲಿಗೆ ಬೋರಿನ ನೀರಾದರೂ ನಡೆಯುತ್ತದೆ. ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಅರಿವಿಗೆ ಹಿಡಿಯುವ ರೂಢಿ ಮಾತ್ರ ಬೇಡ. ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ, ಅದು ಬೋರಿನ ನೀರಿಗಿಂತಲೂ ಗಡಸು.

ಈಗಾಗಲೇ ಬಿರುಸಾದ ಹತ್ತಿ ಬಟ್ಟೆಗೆ ಎರಡು ಹೆಜ್ಜೆ ಬೇಕು. 10 ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಅರ್ಧ ತಾಸು ನೆನೆಸಿ. ಸುಣ್ಣ ಕರಗುತ್ತದೆ. ಆದರೆ ಮೇಣದಂಥ ಕೆನೆ ಇದರಿಂದ ಹೋಗುವುದಿಲ್ಲ, ಜಿಡ್ಡಿನ ಆಮ್ಲವಾಗಿ ಬಟ್ಟೆಯಲ್ಲೇ ಉಳಿಯುತ್ತದೆ. ಬರೀ ಲಿಂಬಿ ಅಥವಾ ವಿನೆಗರ್ ಹಾಕಿದವರಿಗೆ ಫಲ ಅರ್ಧ ಮಾತ್ರ ಸಿಗುವುದು ಇದಕ್ಕೇ. ಆದ್ದರಿಂದ ಚೆನ್ನಾಗಿ ಜಾಲಿಸಿ, ಹದ ಮಾಡಿದ ಸೋಡಾ ನೀರನ್ನು ಬಿಸಿ ಮಾಡಿ ಮತ್ತೆ ಒಗೆಯಬೇಕು. ಜಿಡ್ಡು ಸಬಕಾರವಾಗಿ ಮಾರ್ಪಟ್ಟು ನೀರಿಗೆ ಬಿಡುತ್ತದೆ. ಆಮ್ಲದೊಂದಿಗೆ ಬ್ಲೀಚಿಂಗ್ ಪೌಡರ್ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಇಷ್ಟು ಮಾಡಿದ ಮೇಲೂ ದಪ್ಪ ಟವೆಲ್ ತುಸು ಬಿರುಸು ಉಳಿಯಬಹುದು. ಗಾಳಿಯಾಡದ ಕಡೆ ಒಣಗಿದರೆ ಹತ್ತಿಯ ಎಳೆಗಳು ಮೆದು ನೀರಿನಲ್ಲೂ ಒಂದಕ್ಕೊಂದು ಅಂಟುತ್ತವೆ, ಕೊಡವಿದರೆ ಬಿಡುತ್ತವೆ.

ಇಳಕಲ್ ಸೀರೆಗೆ ಈ ಸೋಡಾ ಉಪಚಾರ ಮಾಡಬೇಡಿ. ಒಡಲು ಹತ್ತಿಯದಾದರೂ ಸೆರಗು, ಅಂಚು ರೇಷ್ಮೆಯದಾಗಿದ್ದರೆ ಕ್ಷಾರ ರೇಷ್ಮೆಯ ಎಳೆಯನ್ನು ಕೆಡಿಸುತ್ತದೆ, ಕೆಂಪು ಬಣ್ಣವೂ ಬಿಡಬಹುದು. ಹೊಸ ಸೀರೆಯ ಬಿರುಸು ಗಂಜಿಯದು, ಅದಕ್ಕೆ ಹೆದರಬೇಕಿಲ್ಲ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಒಂದೆರಡು ಕೊಡ ಮುಚ್ಚಿಟ್ಟುಕೊಳ್ಳಿ. ರೇಷ್ಮೆಗೆಂದು ಮಾಡಿದ ಸೌಮ್ಯ ದ್ರವವನ್ನು ಆ ತಣ್ಣೀರಿಗೆ ಬೆರೆಸಿ ಸೀರೆ ಒಗೆಯಿರಿ, ಉಳಿದ ಮಳೆನೀರಿನಲ್ಲಿ ಜಾಲಿಸಿ, ನೆರಳಿಗೆ ಹಾಕಿ.